“ಪಾಲ್ ಬೇಡ” ಅನ್ನುವ ಮಗುವಿಗೆ ಏನು ಉತ್ತರ ಕೊಡಬೇಕು?

ಪ್ರಶ್ನೆ: ನಾವಿರೋದು ಗೋಣಿಕೊಪ್ಪ ಹತ್ತಿರ. ನಾನು ಮೈಸೂರು ಕಡೆಯವಳು, ಕನ್ನಡ. ಮನೆಯವರು, ಅತ್ತೆ ಮಾತಾಡೋದು ಕೊಡವ ತಕ್ಕ್. ಎರಡೂಕಾಲು ವರ್ಷದ ಮಗಳು “ಅಮ್ಮಾ, ಪಾಲ್ ಬೇಡ” ಅಂತ ಎರಡನ್ನೂ ಸೇರಿಸ್ತಾಳೆ. ಗೊಂದಲ ಆಗುತ್ತೆ, ಒಂದು ಭಾಷೆ ನಿಲ್ಲಿಸಿ ಅಂತಾರೆ. ನಿಲ್ಲಿಸಬೇಕಾ?

ನಿಲ್ಲಿಸಬೇಡಿ. ನಾನು ವಿರಾಜಪೇಟೆಯಲ್ಲಿ ಮಕ್ಕಳ ಮಾತಿನ ಚಿಕಿತ್ಸೆ ಮಾಡುತ್ತೇನೆ. ನಮ್ಮ ಮನೆಯಲ್ಲೂ ಇದೇ ಎರಡು ಭಾಷೆ.

ನಿಮ್ಮ ಮಗಳ ಮಾತನ್ನೇ ನೋಡಿ. “ಪಾಲ್” ಅಂದರೆ ಹಾಲು, ಅದು ಅಪ್ಪನ ಕಡೆಯದು, “ಬೇಡ” ನಿಮ್ಮದು. ಬೆಳಿಗ್ಗೆ ಅವಳಿಗೆ ಹಾಲು ಕೊಡೋರು ಯಾರು? ಅಜ್ಜಿ ಇರಬೇಕು, ಅಲ್ವಾ? ಹಾಗಾದರೆ ಆ ಲೋಟದ ಜೊತೆ ಸಾವಿರ ಸಲ ಕೇಳಿದ್ದು “ಪಾಲ್”. ಬೇಡ, ಸಾಕು, ಬಾ ಇವೆಲ್ಲ ನಿಮ್ಮ ಬಾಯಿಂದ ಬಂದಿವೆ. ಬೇಗ ಕೈಗೆ ಸಿಕ್ಕ ಪದ ಎತ್ತಿಕೊಂಡು ವಾಕ್ಯ ಕಟ್ಟಿದ್ದಾಳೆ. ಪದಗಳ ಜಾಗ ಕೂಡ ಸರಿಯಾಗಿದೆ, ಹಾಲು ಮೊದಲು, ಬೇಡ ಆಮೇಲೆ. ಜೊತೆಗೆ, ನಿಮಗೆ ಎರಡೂ ಅರ್ಥ ಆಗುತ್ತೆ ಅಂತ ಅವಳಿಗೆ ಗೊತ್ತು. ಮೈಸೂರಿನ ನಿಮ್ಮ ಅಮ್ಮನ ಹತ್ತಿರ ಫೋನಲ್ಲಿ ಮಾತಾಡುವಾಗ ಸುಮ್ನೆ ಕಿವಿಗೊಡಿ. ಎರಡು ವರ್ಷದ ಮಕ್ಕಳು ಸಹ ಎದುರಿಗಿರುವವರನ್ನು ನೋಡಿ ಭಾಷೆ ಬದಲಿಸಲು ಶುರು ಮಾಡಿರುತ್ತಾರೆ.

ಇನ್ನು ಉತ್ತರ ಕೊಡುವ ವಿಷಯ. ನನ್ನ ಮಗನಿಗೆ ಎರಡು ವರ್ಷ ಇದ್ದಾಗ ನಾನೊಂದು ತಪ್ಪು ಮಾಡಿದೆ. ಅವನು “ಪಾಲ್” ಅಂದಾಗ ಅರ್ಥ ಆಗದವಳ ಹಾಗೆ ನಿಂತು, “ಹಾಲು ಅನ್ನು, ಕೊಡ್ತೀನಿ” ಅನ್ನುತ್ತಿದ್ದೆ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಅವನು ಬಾಯಿ ಬಿಡೋದನ್ನೇ ಕಡಿಮೆ ಮಾಡಿದ. ಲೋಟದ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತಿದ್ದ. ಆ ಬೆರಳು ನೋಡಿ ನನಗೆ ಹೊಟ್ಟೆ ಉರಿಯಿತು.

ಆಮೇಲೆ ಹೀಗೆ ಬದಲಿಸಿದೆ. ಮೊದಲು ಮಗು ಹೇಳಿದ್ದಕ್ಕೆ ಒಪ್ಪಿಗೆ. ನಂತರ ಅದೇ ಮಾತು ಪೂರ್ತಿ ನನ್ನ ಭಾಷೆಯಲ್ಲಿ. ಕೊನೆಗೆ ಮಾತು ಮುಂದಕ್ಕೆ. “ಪಾಲ್ ಬೇಡ” ಅಂದರೆ ನೀವು “ಓ, ಹಾಲು ಬೇಡ್ವಾ? ಸರಿ, ಹಾಲು ಇಲ್ಲೇ ಇಡ್ತೀನಿ. ಬಿಸಿ ಇದ್ಯಾ?” ಅನ್ನಿ. “ಹಾಲು” ಎರಡು ಸಲ ಅವಳ ಕಿವಿಗೆ ಬಿತ್ತು, ಅವಳ ಮಾತಿಗೆ ಉತ್ತರವೂ ಸಿಕ್ಕಿತು. ಅವಳು ತಿರುಗಿ “ಹಾಲು” ಅನ್ನಲೇಬೇಕು ಅಂತಿಲ್ಲ, ಕಾಯಬೇಡಿ. ಇದೇ ಮಾತಿಗೆ ಮನೆಯವರು “ಪಾಲ್ ಬೋಂಡ” ಅಂತ ಪೂರ್ತಿ ಕೊಡವ ತಕ್ಕ್‌ನಲ್ಲಿ ಹೇಳಲಿ. ಅಪ್ಪ ಒಂದು, ಅಮ್ಮ ಒಂದು ಅಂತ ಭಾಷೆ ಹಂಚಿಕೊಂಡರೆ ಅನುಕೂಲವೇ. ಆದರೆ ಊಟಕ್ಕೆ ಎಲ್ಲರೂ ಕೂತಾಗ ನೀವು ಅತ್ತೆ ಜೊತೆ ಎರಡು ಮಾತು ಕೊಡವ ತಕ್ಕ್ ಆಡಿದರೆ ಏನೂ ಕೆಡುವುದಿಲ್ಲ.

ನಿಜವಾಗಿ ಬಿಡಿಸಿ ಹೇಳಬೇಕಾದ್ದು ಬೇರೆ ಇದೆ. ಕೆಲವು ಪದ ಎರಡೂ ಕಡೆ ಇವೆ, ಅರ್ಥ ಮಾತ್ರ ಬೇರೆ. ಕೊಡವರ “ನರಿ” ಅಂದರೆ ಹುಲಿ. ಹುಲಿ ಹೊಡೆದವನಿಗೆ ಮಾಡುತ್ತಿದ್ದ ಮದುವೆಯಂಥ ಸಮಾರಂಭಕ್ಕೆ ನರಿ ಮಂಗಲ ಅಂತಲೇ ಹೆಸರು. “ತಾಯಿ” ಅಂದರೆ ಅಜ್ಜಿ. ಅನ್ನಕ್ಕೆ “ಕೂಳ್” ಅನ್ನುತ್ತಾರೆ, ಅದು ಕನ್ನಡದವರ ಕಿವಿಗೆ ಒರಟಾಗಿ ಕೇಳುತ್ತೆ. ಚಿತ್ರದ ಪುಸ್ತಕದಲ್ಲಿ ಹುಲಿ ನೋಡಿ ಮಗು “ನರಿ” ಅಂದರೆ ತಪ್ಪು ಅನ್ನಬೇಡಿ. “ಹೌದು, ಅಪ್ಪ ಇದಕ್ಕೆ ನರಿ ಅಂತಾರೆ, ನಾನು ಹುಲಿ ಅಂತೀನಿ” ಅನ್ನಿ. ಯಾರು ಏನನ್ನುತ್ತಾರೆ ಅನ್ನುವುದು ಈ ವಯಸ್ಸಿಗೆ ಚೆನ್ನಾಗಿ ಹಿಡಿಸುತ್ತೆ. ನಿಮ್ಮ ಕಡೆಯ ನೆಂಟರಿಗೂ “ಕೂಳ್” ಬಗ್ಗೆ ಮೊದಲೇ ಹೇಳಿಟ್ಟಿರಿ, ಮಗುವನ್ನು ಯಾರೂ ಗದರದಿರಲಿ.

ಮಾತು ತಡವಾಗಿದೆಯಾ ಅಂತ ನೋಡುವಾಗ ಎರಡೂ ಭಾಷೆಯ ಪದ ಒಟ್ಟಿಗೆ ಎಣಿಸಿ. ಕನ್ನಡದಲ್ಲಿ 30, ಕೊಡವ ತಕ್ಕ್‌ನಲ್ಲಿ 30 ಇದ್ದರೆ 60 ಅಂತಲೇ ಲೆಕ್ಕ. ಎರಡು ವರ್ಷಕ್ಕೆ ಎರಡೂ ಸೇರಿ ಸುಮಾರು 50 ಪದ, ಎರಡೆರಡು ಪದ ಜೋಡಿಸುವುದು ಬಂದಿರಬೇಕು. “ಪಾಲ್ ಬೇಡ” ಕೂಡ ಜೋಡಿಸಿದ ಹಾಗೇ. ಜೋಡಿಸುವುದೇ ಇಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬರುತ್ತಿದ್ದ ಪದ ನಿಂತುಹೋಗಿದೆ ಅಂದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇರುವುದು, ನಿಮಗೆ ತವರು ದಾರಿ ಕೂಡ.

ಒಂದು ವಾರ ಅವಳ ಬೆರಕೆ ವಾಕ್ಯಗಳನ್ನು ಕ್ಯಾಲೆಂಡರ್ ಹಿಂದೆ ಬರೆದಿಡಿ, ಯಾರ ಹತ್ತಿರ ಹೇಳಿದಳು ಅಂತಲೂ ಸೇರಿಸಿ. ಯಾವ ಪದ ಯಾವ ಭಾಷೆಯಲ್ಲಿ ಇನ್ನೂ ಬಂದಿಲ್ಲ ಅಂತ ಅದರಲ್ಲೇ ಕಾಣುತ್ತೆ. ಸ್ನಾನ ಮಾಡಿಸುವಾಗ, ಊಟಕ್ಕೆ ಕೂರಿಸುವಾಗ ಆ ಪದಗಳನ್ನು ಜಾಸ್ತಿ ಬಳಸಿ.