ಜತ್ ಕಡೆಯ ಊರಸಭೆಯಲ್ಲಿ ‘ಲಾಡಕಿ ಬಹೀಣ’ ಸುತ್ತೋಲೆ ಓದಿ ಹೇಳುವ ಬಗೆ

ಸಾಂಗಲಿ ಜಿಲ್ಲೆಯ ಜತ್ ತಾಲೂಕಿನಲ್ಲಿ ಉಮದಿ, ಸಂಖ ಕಡೆಯ ಮನೆಗಳಲ್ಲಿ ಕನ್ನಡವೇ ಆಡುಮಾತು. ಆದರೆ ಹೆಂಗಸರಿಗೆ ಹಣ ಕೊಡುವ ಮಹಾರಾಷ್ಟ್ರ ಸರ್ಕಾರದ ‘ಲಾಡಕಿ ಬಹೀಣ’ ಯೋಜನೆಯ ಸುತ್ತೋಲೆ ಮುಂಬೈಯಿಂದ ಮರಾಠಿಯಲ್ಲಿ ಬರುತ್ತದೆ. ಹಾಗಾದರೆ ಹೆಂಗಸರಿಗೆ ಅದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಪದಕ್ಕೆ ಪದ ಹೇಳಿದರೆ ತಿಳಿಯುವುದಿಲ್ಲ. ಒಂದೊಂದು ಷರತ್ತನ್ನೂ ಒಂದೊಂದು ಪ್ರಶ್ನೆ ಮಾಡಿ ಕೇಳಬೇಕು.

ತಿಂಗಳಿಗೆ 1500 ರೂಪಾಯಿ ಕೊಡುವ ಈ ಯೋಜನೆಯ ಮೊದಲ ಆದೇಶ 2024ರ ಜೂನ್ 28ರದು. ಹೊಸ ಅರ್ಜಿಯ ಗಡುವು ಅದೇ ವರ್ಷದ ಅಕ್ಟೋಬರಿನಲ್ಲಿ ಮುಗಿಯಿತು. ಹಾಗಾಗಿ ಕೆಳಗಿನ ಪ್ರಶ್ನೆಗಳ ಪಟ್ಟಿ ಈಗಾಗಲೇ ಹಣ ಬರುತ್ತಿರುವವರಿಗೆ, ‘ನಾನು ಇನ್ನೂ ಷರತ್ತಿನೊಳಗೆ ಇದ್ದೇನೆಯೇ’ ಎಂದು ನೋಡಿಕೊಳ್ಳಲು.

ಪ್ರಶ್ನೆ ಕೇಳುವ ಮೊದಲು ಎರಡು ಶಬ್ದ ಬಿಡಿಸಿ ಹೇಳಬೇಕು. ಮರಾಠಿಯ ‘ಉತ್ಪನ್ನ’ ಎಂದರೆ ಆದಾಯ. ನಮ್ಮವರ ಕಿವಿಗೆ ಅದು ಹೊಲದ ಬೆಳೆ. ‘ಉತ್ಪನ್ನ ಎರಡೂವರೆ ಲಕ್ಷದೊಳಗೆ’ ಎಂದರೆ ದ್ರಾಕ್ಷಿ, ಜೋಳದ ಲೆಕ್ಕ ಹಾಕುತ್ತ ಕೂರುತ್ತಾರೆ. ಇನ್ನೊಂದು ‘ಕುಟುಂಬ’. ಸುತ್ತೋಲೆಯಲ್ಲಿ ಅದು ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ನಮ್ಮಲ್ಲಿ ಒಂದೇ ಒಲೆಯಲ್ಲಿ ಉಣ್ಣುವ ಹದಿನೈದು ಜನವೂ ಕುಟುಂಬವೇ.

ಆಮೇಲೆ ಪ್ರಶ್ನೆಗಳು, ಒಂದು ಸಾಲಿಗೆ ಒಂದೇ:

ವಯಸ್ಸು 21 ತುಂಬಿದೆಯೇ? 65 ದಾಟಿಲ್ಲ ತಾನೆ?
ವರ್ಷದ ಆದಾಯ ಎರಡೂವರೆ ಲಕ್ಷದೊಳಗೆ ಇದೆಯೇ? (ಹಳದಿ ಅಥವಾ ಕೇಸರಿ ರೇಷನ್ ಕಾರ್ಡ್ ಇದ್ದರೆ ಆದಾಯದ ದಾಖಲೆ ಬೇಡ. ಬಿಳಿ ಕಾರ್ಡಿದ್ದರೆ ಬೇಕು.)
ಮನೆಯಲ್ಲಿ ಯಾರಾದರೂ ಆದಾಯ ತೆರಿಗೆ ಕಟ್ಟುತ್ತಾರೆಯೇ?
ನಾಲ್ಕು ಗಾಲಿಯ ಗಾಡಿ ಇದೆಯೇ? (ಬಿಟ್ಟಿರುವುದು ಟ್ರ್ಯಾಕ್ಟರ್ ಒಂದನ್ನೇ.)
ಸರ್ಕಾರದ ಬೇರೆ ಯೋಜನೆಯಿಂದ ನಿಮಗೆ ತಿಂಗಳಿಗೆ 1500 ಅಥವಾ ಹೆಚ್ಚು ಬರುತ್ತಿದೆಯೇ?

ಕೊನೆಯ ಪ್ರಶ್ನೆಯಲ್ಲಿ ಗೊಂದಲ ಏಳುತ್ತದೆ. ‘ನಿರಾಧಾರ ಮಹಿಳೆ ಅರ್ಹಳು’ ಎಂದು ಸುತ್ತೋಲೆಯೇ ಹೇಳುತ್ತದೆ. ಆದರೆ ಸಂಜಯ ಗಾಂಧಿ ನಿರಾಧಾರ ಯೋಜನೆಯ 1500 ಬರುತ್ತಿದ್ದರೆ ಆಕೆಗೆ ಇದು ಸಿಗದು. ಹೆಸರು ಒಂದೇ ಆದ್ದರಿಂದ ವಿಧವೆಯರು ಮೋಸವಾಯಿತೆಂದು ತಿಳಿಯುತ್ತಾರೆ. ಹೊಲ ತನ್ನ ಹೆಸರಿನಲ್ಲಿದ್ದು ಕೇಂದ್ರದ ಪಿಎಂ ಕಿಸಾನ್, ಮಹಾರಾಷ್ಟ್ರದ ನಮೋ ಶೇತಕರಿ ಎರಡೂ ಬರುವವಳಿಗೆ ಅಲ್ಲಿಂದ ತಿಂಗಳಿಗೆ 1000 ಆಗುತ್ತದೆ. ಅವಳಿಗೆ ಇಲ್ಲಿಂದ ಉಳಿದ 500.

ಗಡಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಸೊಸೆಯಂದಿರ ವಿಷಯ. ಚಡಚಣ ಕಡೆಯಿಂದ ಉಮದಿಗೆ ಬಂದ 23 ವರ್ಷದ ಸೊಸೆಯನ್ನೇ ತೆಗೆದುಕೊಳ್ಳಿ. ಅವಳ ಶಾಲೆಯ ದಾಖಲೆ ಕರ್ನಾಟಕದ್ದು, ಮಹಾರಾಷ್ಟ್ರದ ವಾಸಕ್ಕೆ ಅದು ನಡೆಯದು. ಬೇರೆ ರಾಜ್ಯದಲ್ಲಿ ಹುಟ್ಟಿ ಇಲ್ಲಿಯವನನ್ನು ಮದುವೆಯಾದವಳಿಗೆ ಗಂಡನ ಜನನ ದಾಖಲೆ, ಶಾಲೆ ಬಿಟ್ಟ ದಾಖಲೆ ಅಥವಾ ಅಧಿವಾಸ ಪ್ರಮಾಣಪತ್ರ ಸಾಕು. ಅವಳ ಹೆಸರು ಇನ್ನೂ ರೇಷನ್ ಕಾರ್ಡಿಗೆ ಏರಿಲ್ಲವೆಂದರೆ ಗಂಡನ ಕಾರ್ಡು ಮತ್ತು ಮದುವೆ ನೋಂದಣಿ ಪತ್ರ ಸೇರಿಸಿ ಕೊಡಬಹುದು. ಇಷ್ಟೆಲ್ಲ ಸರಿಯಿದ್ದೂ ಹಣ ಬರಲಿಲ್ಲವೆಂದರೆ ತವರಿನ ಬ್ಯಾಂಕು ನೋಡಿ. ಹಣ ಹೋಗುವುದು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಚಡಚಣದ ಹಳೆಯ ಪಾಸ್‌ಬುಕ್ಕಿನಲ್ಲಿ ಆರು ಕಂತು ಕೂತಿರಬಹುದು, ಇಲ್ಲಿ ಅತ್ತೆ ಅಂಗನವಾಡಿ ಸೇವಿಕೆಯ ಜೊತೆ ಜಗಳವಾಡುತ್ತಿರಬಹುದು.

2025ರ ಸೆಪ್ಟೆಂಬರಿನಲ್ಲಿ ಇ-ಕೆವೈಸಿ ಕಡ್ಡಾಯವಾಯಿತು. ಅದಕ್ಕೆ ಗಂಡನ, ಇಲ್ಲವೇ ತಂದೆಯ ಆಧಾರ್ ಓಟಿಪಿಯೂ ಬೇಕು. ಗಂಡ ಕಬ್ಬು ಕಡಿಯಲು ದೂರ ಹೋಗಿದ್ದರೆ, ಅವನು ಫೋನ್ ಕೈಯಲ್ಲಿ ಹಿಡಿದಿರುವ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಓಟಿಪಿಗಿಂತ ದೊಡ್ಡ ತೊಡಕು ಇ-ಕೆವೈಸಿಯ ಕೊನೆಯ ಪುಟದಲ್ಲಿದೆ. ‘ನನ್ನ ಕುಟುಂಬದ ಸದಸ್ಯರು ಸರ್ಕಾರಿ ಖಾಯಂ ನೌಕರರಲ್ಲ, ಪಿಂಚಣಿಯನ್ನೂ ಪಡೆಯುತ್ತಿಲ್ಲ’ ಎಂಬ ಅರ್ಥದ ಮರಾಠಿ ವಾಕ್ಯ, ಕೆಳಗೆ ಹೌದು ಎನ್ನಲು ‘ಹೋಯ್’, ಇಲ್ಲ ಎನ್ನಲು ‘ನಾಹಿ’. ಕನ್ನಡದಲ್ಲಿ ‘ನೌಕರಿ ಇಲ್ಲ ಅಲ್ಲವೇ?’ ಎಂದರೆ ‘ಇಲ್ಲ’ ಎನ್ನುವುದೇ ರೂಢಿ, ಬೆರಳು ‘ನಾಹಿ’ ಮೇಲೆ ಬೀಳುತ್ತದೆ. ಹಾಗೆ ಒತ್ತಿದರೆ ‘ನೌಕರರಿದ್ದಾರೆ’ ಎಂದು ಬರೆದುಕೊಟ್ಟಂತೆ. ಆದ್ದರಿಂದ ಸಭೆಯಲ್ಲಿ ಇದನ್ನು ತಿರುವಿ ಕೇಳಬೇಕು: ‘ಅಕ್ಕಾ, ನಿಮ್ಮನ್ಯಾಗ ಯಾರಿಗರ ಸರ್ಕಾರಿ ನೌಕರಿ, ಪೆನ್ಶನ್ ಐತೇನು?’ ಅವಳು ‘ಇಲ್ಲ’ ಎಂದರೆ ಒತ್ತಬೇಕಾದ್ದು ‘ಹೋಯ್’. ಎರಡನೆಯ ವಾಕ್ಯ ಮನೆಯಲ್ಲಿ ಒಬ್ಬ ವಿವಾಹಿತೆ, ಒಬ್ಬ ಅವಿವಾಹಿತೆ ಮಾತ್ರ ಲಾಭ ಪಡೆಯುತ್ತಿದ್ದಾರೆ ಎಂಬುದು. ಅದಕ್ಕಿಂತ ಹೆಚ್ಚು ಜನ ಪಡೆಯುತ್ತಿಲ್ಲವಾದರೆ ಅಲ್ಲಿಯೂ ‘ಹೋಯ್’.

ಈ ತಿರುವಿದ ಪ್ರಶ್ನೆಯನ್ನೂ ಪಟ್ಟಿಗೆ ಸೇರಿಸಿ, ಬೇರೆ ಬಣ್ಣದಲ್ಲಿ ಬರೆದು ಅಂಗನವಾಡಿ ಗೋಡೆಗೆ ಅಂಟಿಸುವುದು ಒಳ್ಳೆಯದು. ಮೊಬೈಲಿನಲ್ಲಿ ಒತ್ತಿಕೊಡುವವರು ಬಹಳ ಸಲ ಎಂಟನೆಯ ಇಯತ್ತೆಯ ಹುಡುಗರು.