ತಿಕ್ಕಿದರೂ ಹೋಗದ ಕಪ್ಪು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ವ್ಯಕ್ತಿಯ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆತ 19 ವರ್ಷದ ವಿದ್ಯಾರ್ಥಿ. ತಂದೆಯೇ ಕರೆತಂದಿದ್ದರು. ಕೆಲವು ತಿಂಗಳುಗಳಿಂದ ಮಗ ಆಟ ಬಿಟ್ಟಿದ್ದಾನೆ, ಗೆಳೆಯರ ಜೊತೆ ಸೇರುವುದಿಲ್ಲ, ಸೆಕೆಯಲ್ಲೂ ಅಂಗಿಯ ಕಾಲರಿನ ಗುಂಡಿ ಬಿಚ್ಚುವುದಿಲ್ಲ ಎಂಬುದು ಅವರ ದೂರು. ಮಾತಿನ ನಡುವೆ ಅವರು ಮಗನ ಕತ್ತಿನ ಹಿಂಭಾಗವನ್ನು ತೋರಿಸಿ, "ನೋಡಿ, ಎಷ್ಟು ಸಲ ಹೇಳಿದರೂ ಸರಿಯಾಗಿ ತೊಳೆದುಕೊಳ್ಳುವುದಿಲ್ಲ, ನೀವಾದರೂ ಹೇಳಿ" ಎಂದರು. ಆತ ನೆಲ ನೋಡುತ್ತಲೇ, "ದಿನಕ್ಕೆ ಎರಡು ಸಲ ತಿಕ್ಕುತ್ತೇನೆ ಅಪ್ಪಾ, ಉರಿಯುವವರೆಗೂ ತಿಕ್ಕುತ್ತೇನೆ" ಎಂದ. ಆ ಒಂದು ಉತ್ತರದಿಂದ ನಾನು ಅಂದಿನ ಮಾತಿನ ದಿಕ್ಕನ್ನು ಬದಲಿಸಿದೆ.

ತಂದೆಯನ್ನು ಹೊರಗೆ ಕೂರಲು ಕೇಳಿಕೊಂಡು ಆತನೊಡನೆ ಪ್ರತ್ಯೇಕವಾಗಿ ಮಾತಾಡಿದಾಗ ತಿಳಿದದ್ದು ಇಷ್ಟು. ಕತ್ತಿನ ಕಪ್ಪು ಸುಮಾರು ಮೂರು ವರ್ಷಗಳಿಂದ ನಿಧಾನವಾಗಿ ಬೆಳೆದಿತ್ತು; ನಂತರ ಕಂಕುಳಿಗೂ ಬಂದಿತು. ತುರಿಕೆಯಿಲ್ಲ, ನೋವಿಲ್ಲ, ಹೊಟ್ಟು ಉದುರುವುದಿಲ್ಲ. ಸಹಪಾಠಿಗಳು ಸ್ನಾನದ ಬಗ್ಗೆ ಆಡುವ ತಮಾಷೆಯಿಂದ ತಪ್ಪಿಸಿಕೊಳ್ಳಲು ಆತ ಮೊದಲು ಒರಟು ಬ್ರಷ್ ಹಿಡಿದ, ಬಳಿಕ ಉಜ್ಜುವ ಕಲ್ಲು ಹಿಡಿದ, ಕೊನೆಗೆ ಯಾರೋ ಹೇಳಿದರೆಂದು ಚರ್ಮ ಬೆಳ್ಳಗಾಗಿಸುವ ಒಂದು ಮುಲಾಮನ್ನು ಎರಡು ತಿಂಗಳು ಹಚ್ಚಿದ. ಕಂಕುಳಲ್ಲಿ ಈಗ ಕಪ್ಪಿನ ಜೊತೆಗೆ ಕೆಂಪು ಗೆರೆಗಳೂ ಎದ್ದು, ಬೆವರಿದಾಗ ಉರಿಯುತ್ತಿದೆ ಎಂದ. ಮೂರು ವರ್ಷಗಳಿಂದ ಈ ಹುಡುಗ ತಾನು ಕೊಳಕನಲ್ಲ ಎಂದು ಸಾಬೀತುಪಡಿಸಲು ತನ್ನ ಚರ್ಮವನ್ನೇ ಸುಲಿದುಕೊಳ್ಳುತ್ತಿದ್ದ.

ನಾನು ವೈದ್ಯನಲ್ಲ, ರೋಗನಿರ್ಣಯ ನನ್ನ ಕೆಲಸವೂ ಅಲ್ಲ. ಆದರೆ ಮಧುಮೇಹದ ಅಂಚಿನಲ್ಲಿರುವವರ ಜೊತೆ ಬಹುಕಾಲ ಕೆಲಸ ಮಾಡಿದವರಿಗೆ ಈ ಲಕ್ಷಣ ಪರಿಚಿತ. ಕತ್ತಿನ ಸುತ್ತ ಗಡಿ ಸ್ಪಷ್ಟವಿಲ್ಲದ ಕಂದುಗಪ್ಪು ಪಟ್ಟಿ, ಬೆರಳಾಡಿಸಿದರೆ ಮಖಮಲ್ಲಿನಂತೆ ದಪ್ಪವಾಗಿ ಮೆತ್ತಗಿರುವ ಚರ್ಮ, ಮಡಿಕೆಗಳಲ್ಲಿ ಆಳವಾಗಿ ಕಾಣುವ ಗೆರೆಗಳು, ಅಂಚಿನಲ್ಲಿ ಒಂದೆರಡು ಸಣ್ಣ ನರುಲಿಗಳು. ಇದನ್ನು ವೈದ್ಯರು ಅಕ್ಯಾಂಥೋಸಿಸ್ ನೈಗ್ರಿಕಾನ್ಸ್ ಎನ್ನುತ್ತಾರೆ. ಚರ್ಮವೈದ್ಯರ ಬಳಿಗೂ ಸಾಮಾನ್ಯ ವೈದ್ಯರ ಬಳಿಗೂ ಒಂದೊಂದು ಚೀಟಿ ಬರೆದುಕೊಟ್ಟೆ. ಚರ್ಮವೈದ್ಯರು ಮೊದಲು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಕತ್ತನ್ನು ಒರೆಸಿ ನೋಡಿದರು, ಏಕೆಂದರೆ ಸೋಪಿಗೆ ಬಿಡದೆ ಗಟ್ಟಿಯಾಗಿ ಅಂಟಿಕೊಂಡ ಒಂದು ಬಗೆಯ ಕಪ್ಪು ಸ್ಪಿರಿಟ್ಟಿಗೆ ಪೂರ್ತಿ ಬಿಟ್ಟುಬಿಡುತ್ತದೆ. ಇಲ್ಲಿ ಹತ್ತಿ ಬೆಳ್ಳಗೇ ಉಳಿಯಿತು. ಆ ಹತ್ತಿಯನ್ನು ಅವರು ತಂದೆಗೂ ತೋರಿಸಿದರಂತೆ. ನನ್ನ ಅರ್ಧ ಗಂಟೆಯ ವಿವರಣೆಗಿಂತ ಅದು ಹೆಚ್ಚು ಕೆಲಸ ಮಾಡಿತೆಂದು ನನ್ನ ಅನಿಸಿಕೆ.

ಮುಂದಿನ ಭೇಟಿಯಲ್ಲಿ ತಂದೆ ಒಂದು ಹಳೆಯ ವರದಿಯನ್ನು ಮುಂದಿಟ್ಟರು. ಹಿಂದಿನ ವರ್ಷ ಖಾಲಿ ಹೊಟ್ಟೆಯಲ್ಲಿ ಮಾಡಿಸಿದ್ದ ರಕ್ತದ ಸಕ್ಕರೆ 96 ಮಿಲಿಗ್ರಾಂ. "ಶುಗರ್ ಇಲ್ಲ ಅಂದಿದ್ದರಲ್ಲ, ಹಾಗಾದರೆ ಇದು ಅದರಿಂದ ಹೇಗೆ ಬಂತು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬಹಳಷ್ಟು ಮನೆಗಳಲ್ಲಿ ವಿಷಯ ಕೈತಪ್ಪುವುದು ಈ ಹಂತದಲ್ಲೇ, ಹಾಗಾಗಿ ಅವರಿಗೆ ನಾನು ಹೇಳಿದ್ದನ್ನು ಇಲ್ಲಿ ವಿವರವಾಗಿಯೇ ಬರೆಯುತ್ತೇನೆ.

ರಕ್ತದಲ್ಲಿರುವ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವಂತೆ ಸ್ನಾಯುಗಳಿಗೂ, ಹೊಸದಾಗಿ ಸಕ್ಕರೆ ಹೊರಬಿಡದಂತೆ ಯಕೃತ್ತಿಗೂ ಹೇಳುವುದು ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್. ಇನ್ಸುಲಿನ್ ಪ್ರತಿರೋಧವೆಂದರೆ ಈ ಅಂಗಗಳ ಕಿವಿ ಮಂದವಾದಂತೆ. ಕಿವಿ ಮಂದವಾದವರೊಡನೆ ನಾವು ದನಿಯೇರಿಸಿ ಮಾತಾಡುವ ಹಾಗೆ ಗ್ರಂಥಿಯೂ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಮತ್ತು ಎಷ್ಟೋ ವರ್ಷ ಅದರಿಂದಲೇ ಸಕ್ಕರೆಯ ಅಂಕಿ ಸರಿಯಾಗಿ ಉಳಿಯುತ್ತದೆ. ಹೊರಗಿನಿಂದ ನೋಡುವವರಿಗೆ 96 ಮಾತ್ರ ಕಾಣುತ್ತದೆ. ಆ 96ನ್ನು ಕಾಯಲು ಗ್ರಂಥಿ ಎಷ್ಟು ಕೂಗಬೇಕಾಯಿತು ಎಂಬುದು ಆ ವರದಿಯಲ್ಲಿ ಇರುವುದಿಲ್ಲ. ಆದರೆ ಚರ್ಮ ಆ ಕೂಗನ್ನು ಕೇಳಿಸಿಕೊಳ್ಳುತ್ತದೆ. ಇನ್ಸುಲಿನ್ ಅತಿಯಾದಾಗ ಅದು ಚರ್ಮದ ಕೋಶಗಳ ಮೇಲಿರುವ, ಬೆಳವಣಿಗೆಯ ಸಂಕೇತಗಳಿಗೆಂದೇ ಇರುವ ಗ್ರಾಹಕಗಳನ್ನೂ ತಟ್ಟುತ್ತದೆ. ಆಗ ಮೇಲ್ಪದರ ದಪ್ಪವಾಗಿ, ಸಣ್ಣ ಸಣ್ಣ ಏರುತಗ್ಗುಗಳಾಗಿ ಮಡಿಚಿಕೊಳ್ಳುತ್ತದೆ. ಕಪ್ಪು ಕಾಣುವುದು ಮುಖ್ಯವಾಗಿ ಈ ದಪ್ಪದಿಂದ, ಬಣ್ಣದ ಕಣಗಳು ಹೆಚ್ಚಾದದ್ದರಿಂದ ಅಲ್ಲ. ಹೀಗಾಗಿ ಬಣ್ಣ ತಿಳಿಗೊಳಿಸುವ ಮುಲಾಮು ಇದಕ್ಕೆ ಹೊಂದುವುದಿಲ್ಲ, ಮತ್ತು ಘರ್ಷಣೆಗೆ ಚರ್ಮ ಮತ್ತಷ್ಟು ದಪ್ಪವಾಗುವುದರಿಂದ ಉಜ್ಜುವ ಕಲ್ಲು ಕೆಡುಕನ್ನೇ ಮಾಡುತ್ತದೆ.

ವೈದ್ಯರು ಈ ಬಾರಿ ಖಾಲಿ ಹೊಟ್ಟೆಯ ಸಕ್ಕರೆಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ನೋಡಿದಾಗ ಸಕ್ಕರೆ 154 ಇತ್ತು. ಅದು 140ಕ್ಕಿಂತ ಕಡಿಮೆ ಇರಬೇಕು. ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ 5.8 ಶೇಕಡಾ, 5.7ರಿಂದ 6.4ರವರೆಗಿನದು ಮಧುಮೇಹಪೂರ್ವ ಸ್ಥಿತಿ. ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ಈಗಲೂ 97. ತೂಕ 84 ಕಿಲೋ, ಎತ್ತರ 169 ಸೆಂಟಿಮೀಟರ್, ಸೊಂಟದ ಸುತ್ತಳತೆ 101 ಸೆಂಟಿಮೀಟರ್. ರಕ್ತದಲ್ಲಿರುವ ಇನ್ಸುಲಿನ್ ಅನ್ನೇ ಅಳೆಸಬಾರದೇ ಎಂದು ತಂದೆ ಕೇಳಿದ್ದರು. ಆ ಅಂಕಿ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ, ಎಲ್ಲರೂ ಒಪ್ಪಿದ ಗಡಿಯೂ ಇಲ್ಲ, ಚಿಕಿತ್ಸೆಯನ್ನೂ ಅದು ಬದಲಿಸುವುದಿಲ್ಲವೆಂದು ವೈದ್ಯರು ಬೇಡವೆಂದರು.

ಕಂಕುಳಿನ ಕೆಂಪು ಗೆರೆಗಳಿಗೆ ಆ ಬೆಳ್ಳಗಾಗಿಸುವ ಮುಲಾಮೇ ಕಾರಣವಿರಬೇಕೆಂಬ ಅನುಮಾನ ನಿಜವಾಯಿತು. ಅದರಲ್ಲಿ ಪ್ರಬಲವಾದ ಸ್ಟೀರಾಯ್ಡ್ ಇತ್ತು. ಕಂಕುಳಿನಂಥ ಮುಚ್ಚಿದ ಮಡಿಕೆಯಲ್ಲಿ ಅದು ಹೆಚ್ಚು ಹೀರಲ್ಪಟ್ಟು ಚರ್ಮವನ್ನು ತೆಳುವಾಗಿಸಿ ಆ ಕೆಂಪು ಗೆರೆಗಳನ್ನು ತಂದಿತ್ತು. ಅದನ್ನು ನಿಲ್ಲಿಸಲಾಯಿತು. ಗೆರೆಗಳು ಮಸುಕಾಗಬಹುದೇ ಹೊರತು ಪೂರ್ತಿ ಅಳಿಯಲಾರವು ಎಂದು ಚರ್ಮವೈದ್ಯರು ಮರೆಮಾಚದೆ ಹೇಳಿದರು. ಕತ್ತಿಗೆ ಅವರು ಯೂರಿಯಾ ಇರುವ ಒಂದು ಮೆದುಗೊಳಿಸುವ ಮುಲಾಮನ್ನು ಬರೆದುಕೊಟ್ಟರು, ಅದು ಮೇಲುಪಚಾರ ಮಾತ್ರ ಎಂದೂ ಸೇರಿಸಿದರು.

ಸಲಹೆ ಕೊಡುವಾಗ ನಾನು ಮೊದಲು ಮಾತಾಡಿದ್ದು ತಂದೆಯೊಡನೆ. ಕತ್ತು, ಸ್ನಾನ, ತೊಳೆಯುವುದು ಎಂಬ ಮೂರು ವಿಷಯಗಳನ್ನು ಮನೆಯಲ್ಲಿ ಎತ್ತಲೇಬಾರದೆಂದು ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪು ನನ್ನದೇ" ಎಂದರು. ತಪ್ಪು ಯಾರದೆಂಬ ಲೆಕ್ಕಕ್ಕೆ ನಾನು ಇಳಿಯಲಿಲ್ಲ.

ಹುಡುಗನಿಗೆ ಒಂದೇ ಸಲ ಹತ್ತು ನಿಯಮ ಹೇಳದೆ ಮೂರಕ್ಕೆ ನಿಂತೆ. ಆತ ದಿನಕ್ಕೆ ಎರಡು ಮೂರು ಬಾಟಲಿ ಸಿಹಿ ಪಾನೀಯ ಕುಡಿಯುತ್ತಿದ್ದ. ಅದು ಮೊದಲು ಹೋಗಬೇಕು, ಏಕೆಂದರೆ ದ್ರವರೂಪದ ಸಕ್ಕರೆ ಹೊಟ್ಟೆ ತುಂಬಿಸದೆಯೇ ರಕ್ತಕ್ಕೆ ನುಗ್ಗಿ ಗ್ರಂಥಿಯನ್ನು ಮತ್ತೆ ಕೂಗಿಸುತ್ತದೆ. ಎರಡನೆಯದು, ಎರಡು ಮುಖ್ಯ ಊಟಗಳ ನಂತರ ಕೂರದೆ ಹದಿನೈದು ನಿಮಿಷ ನಡೆಯುವುದು ಮತ್ತು ವಾರಕ್ಕೆ ಎರಡು ದಿನ ಕಾಲು, ಬೆನ್ನು, ತೋಳಿನ ದೊಡ್ಡ ಸ್ನಾಯುಗಳಿಗೆ ಭಾರದ ವ್ಯಾಯಾಮ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಮಾತಿಗೆ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಪ್ರತಿರೋಧವಿರುವವರಿಗೆ ಇರುವ ಹಿಂಬಾಗಿಲು ಅದು. ಮೂರನೆಯದು ನಿದ್ದೆ. ಆತ ಮಲಗುತ್ತಿದ್ದುದು ರಾತ್ರಿ ಎರಡರ ನಂತರ, ಏಳುತ್ತಿದ್ದುದು ಏಳಕ್ಕೆ. ಕೊರತೆಯ ನಿದ್ದೆಯೇ ಪ್ರತಿರೋಧವನ್ನು ಹೆಚ್ಚಿಸುತ್ತದೆ. ತೂಕ ಇಳಿಕೆಯ ಗುರಿಯನ್ನು ವೈದ್ಯರೊಡನೆ ಮಾತಾಡಿ 84ರ ಶೇಕಡಾ 7ಕ್ಕೆ, ಅಂದರೆ ಸುಮಾರು 6 ಕಿಲೋಗೆ ಇಟ್ಟೆವು. ಸಕ್ಕರೆಯನ್ನು ಹತೋಟಿಯಲ್ಲಿಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವೈದ್ಯರು ಆರು ತಿಂಗಳು ಮುಂದೂಡಿದರು. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಜೀವನಕ್ರಮದ ಬದಲಾವಣೆ ಮಧುಮೇಹ ಬರುವುದನ್ನು ಶೇಕಡಾ 58ರಷ್ಟು ಕಡಿಮೆ ಮಾಡಿದರೆ, ಮಾತ್ರೆ ಶೇಕಡಾ 31ರಷ್ಟು ಮಾಡಿತ್ತು ಎಂಬುದು ಅವರ ಲೆಕ್ಕಾಚಾರದ ಹಿಂದಿತ್ತು.

ಇಲ್ಲಿ ನನ್ನದೊಂದು ತಪ್ಪನ್ನೂ ಬರೆಯಬೇಕು. ಕನ್ನಡಿ ನೋಡಿ ಪ್ರಗತಿ ಅಳೆಯಬೇಡ ಎಂದು ನಾನು ಮೊದಲೇ ಗಟ್ಟಿಯಾಗಿ ಹೇಳಿರಲಿಲ್ಲ. ಮೂರನೆಯ ತಿಂಗಳಿಗೆ ತೂಕ 81 ಕಿಲೋಗೆ ಇಳಿದಿತ್ತು, ಆದರೆ ಕತ್ತು ಹಾಗೆಯೇ ಇತ್ತು. ಆತ ಹತಾಶನಾಗಿ ಮೂರು ವಾರ ನಡಿಗೆ ಬಿಟ್ಟು, ಮತ್ತೆ ಬ್ರಷ್ ಹಿಡಿದಿದ್ದ. ವರ್ಷಗಟ್ಟಲೆ ದಪ್ಪವಾದ ಚರ್ಮ ಎರಡು ಮೂರು ತಿಂಗಳುಗಳಲ್ಲಿ ತೆಳುವಾಗುವುದಿಲ್ಲ. ರಕ್ತದಲ್ಲಿ ಬದಲಾವಣೆ ಆದ ಬಹಳ ದಿನಗಳ ನಂತರ ಅದು ಹಿಂಬಾಲಿಸುತ್ತದೆ, ಕೆಲವರಲ್ಲಿ ಪೂರ್ತಿ ಹೋಗುವುದೇ ಇಲ್ಲ. ಆ ಮೇಲೆ ಅಳತೆಯನ್ನು ಸೊಂಟದ ಸುತ್ತಳತೆಗೆ ಬದಲಿಸಿದೆವು. ಕತ್ತಿಗೆ ಎರಡು ತಿಂಗಳಿಗೊಂದು ಫೋಟೋ ಸಾಕು, ಅದೂ ಅದೇ ಕಿಟಕಿಯ ಬೆಳಕಿನಲ್ಲಿ.

ಆರನೆಯ ತಿಂಗಳಲ್ಲಿ ಸೊಂಟ 95 ಸೆಂಟಿಮೀಟರಿಗೆ ಬಂತು. ಬಣ್ಣಕ್ಕಿಂತ ಮೊದಲು ಬದಲಾದದ್ದು ಸ್ಪರ್ಶ. ಮಖಮಲ್ಲಿನ ದಪ್ಪ ಇಳಿದಿದೆ ಎಂದು ಆತನೇ ಹೇಳಿದ. ಹನ್ನೊಂದನೆಯ ತಿಂಗಳಿಗೆ ತೂಕ 77.5 ಕಿಲೋ, ಎಚ್‌ಬಿಎ1ಸಿ 5.5, ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರದ ಸಕ್ಕರೆ 128. ಮಾತ್ರೆಯ ಅಗತ್ಯ ಬೀಳಲಿಲ್ಲ. ಕತ್ತಿನ ಪಕ್ಕಗಳು ತಿಳಿಯಾದವು, ಹಿಂಭಾಗದಲ್ಲಿ ಮಸುಕಾದ ಪಟ್ಟಿ ಉಳಿದಿದೆ, ಕಂಕುಳು ಅದಕ್ಕಿಂತ ಹಿಂದಿದೆ.

ಇದೇ ಗುರುತು ಹೆಣ್ಣುಮಕ್ಕಳಲ್ಲಿ ಕಂಡು ಮುಟ್ಟು ಏರುಪೇರಾಗಿದ್ದರೆ ಸ್ತ್ರೀರೋಗ ತಜ್ಞರನ್ನೂ ಕಾಣಲು ಹೇಳುತ್ತೇನೆ, ಏಕೆಂದರೆ ಅಂಡಾಶಯದ ಪಿಸಿಒಎಸ್ ಸಮಸ್ಯೆಯ ಬೇರಲ್ಲೂ ಹಲವು ಸಲ ಇದೇ ಪ್ರತಿರೋಧ ಇರುತ್ತದೆ. ಆದರೆ ವಯಸ್ಸಾದವರಲ್ಲಿ ಈ ಕಪ್ಪು ಕೆಲವೇ ವಾರಗಳಲ್ಲಿ ಹರಡಿ, ತುರಿಕೆ ಇದ್ದು, ಅಂಗೈ ಅಥವಾ ಬಾಯಿಯ ಒಳಗೂ ಚರ್ಮ ದಪ್ಪವಾಗಿ, ತೂಕ ತಾನಾಗಿ ಇಳಿಯುತ್ತಿದ್ದರೆ ಅದನ್ನು ಇನ್ಸುಲಿನ್ನಿನ ಲೆಕ್ಕಕ್ಕೆ ಹಾಕಬಾರದು. ಅದು ಅಪರೂಪವಾದರೂ ಒಳಗಿನ ಕ್ಯಾನ್ಸರ್, ವಿಶೇಷವಾಗಿ ಜಠರದ್ದು, ಇರಬಹುದಾದ ಲಕ್ಷಣ, ತಡಮಾಡದೆ ವೈದ್ಯರನ್ನು ಕಾಣಬೇಕು.

ಕೊನೆಯ ಭೇಟಿಗೆ ಆತ ಒಬ್ಬನೇ ಬಂದಿದ್ದ, ಕಾಲರಿನ ಗುಂಡಿ ಬಿಚ್ಚಿತ್ತು. ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸುವುದಾಗಿ ದಾಖಲೆಯಲ್ಲಿ ಬರೆದುಕೊಂಡೆವು.