ಹೆರಿಗೆಯ ನಂತರ ನಿಲ್ಲದ ಮೂತ್ರ ಸೋರಿಕೆ

> "ತಂಗಿಗೆ ಎರಡು ದಿನ ಹೆರಿಗೆ ನೋವು, ಮಗು ಉಳಿಯಲಿಲ್ಲ. ಐದನೇ ದಿನದಿಂದ ಹಗಲೂ ರಾತ್ರಿ ಮೂತ್ರ ಸೋರುತ್ತಿದೆ. ಈಗ ಹನ್ನೆರಡು ದಿನ. ತಾನಾಗಿ ನಿಲ್ಲುತ್ತಾ?"

ಇದು ಬಹುತೇಕ ಫಿಸ್ಟುಲಾ, ಅಂದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ಬಿದ್ದ ತೂತು. ಸಿಕ್ಕಿಕೊಂಡ ಮಗುವಿನ ತಲೆ ಮೂತ್ರಕೋಶವನ್ನು ಮುಂದಿನ ಮೂಳೆಗೆ ಒತ್ತಿ ಹಿಡಿದಾಗ ಅಲ್ಲಿಗೆ ರಕ್ತ ಹೋಗದೆ ಮಾಂಸ ಸಾಯುತ್ತದೆ. ಅದು ಕಳಚಿ ಬೀಳಲು ಕೆಲವು ದಿನ ಬೇಕು. ಸೋರಿಕೆ ತಡವಾಗಿ ಶುರುವಾಗಿದ್ದು ಅದಕ್ಕೇ.

ಇವತ್ತೇ ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ದು ಕ್ಯಾತಿಟರ್, ಅಂದರೆ ಮೂತ್ರವನ್ನು ಚೀಲಕ್ಕೆ ಹರಿಸುವ ಕೊಳವೆ, ಹಾಕಿಸಿ. ನಾಲ್ಕರಿಂದ ಆರು ವಾರ ಮೂತ್ರಕೋಶ ಖಾಲಿಯೇ ಇದ್ದರೆ ಸಣ್ಣ ತೂತು ತಾನೇ ಮುಚ್ಚಬಹುದು. ನಿಮ್ಮ ತಂಗಿಯದು ಎಷ್ಟು ದೊಡ್ಡದೆಂದು ನೋಡದೆ ಹೇಳಲಾಗದು. ಸೋರುತ್ತದೆಂದು ನೀರು ಕಡಿಮೆ ಮಾಡಬೇಡಿ (ಮನೆಯಲ್ಲಿ ಎಲ್ಲರೂ ಮಾಡುವ ತಪ್ಪು). ಮೂತ್ರ ಗಟ್ಟಿಯಾಗಿ ತೊಡೆಯ ಚರ್ಮ ಇನ್ನಷ್ಟು ಉರಿಯುತ್ತದೆ.

ಖಚಿತಪಡಿಸಲು ಮೂತ್ರಕೋಶಕ್ಕೆ ನೀಲಿ ದ್ರವ ತುಂಬಿ ಯೋನಿಯಲ್ಲಿ ಹತ್ತಿ ಇಡುತ್ತಾರೆ. ಹತ್ತಿ ನೀಲಿಯಾದರೆ ತೂತು ಮೂತ್ರಕೋಶದ್ದು. ಬಣ್ಣವಿಲ್ಲದೆ ಒದ್ದೆಯಾದರೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳದ್ದಿರಬಹುದು, ಅದರ ಆಪರೇಷನ್ನೇ ಬೇರೆ.

ತೂತು ಮುಚ್ಚದಿದ್ದರೆ ಸಾಮಾನ್ಯವಾಗಿ ಮೂರು ತಿಂಗಳು ಕಾಯಿಸುತ್ತಾರೆ, ಹಸಿ ಅಂಚಿನಲ್ಲಿ ಹೊಲಿಗೆ ನಿಲ್ಲುವುದಿಲ್ಲ. ಆಮೇಲೆ ಎರಡೂ ಗೋಡೆಗಳನ್ನು ಬಿಡಿಸಿ, ಎಳೆತವಿಲ್ಲದಂತೆ ಬೇರೆಬೇರೆಯಾಗಿ ಹೊಲಿಯುತ್ತಾರೆ. ನಂತರದ ಸುಮಾರು ಎರಡು ವಾರ ಕ್ಯಾತಿಟರ್ ಮುಚ್ಚಿಹೋಗಬಾರದು. ಮೂತ್ರಕೋಶ ಉಬ್ಬಿದರೆ ಹೊಲಿಗೆ ಬಿಚ್ಚುತ್ತದೆ. ಚೀಲಕ್ಕೆ ಮೂತ್ರ ಬರುವುದು ನಿಂತರೆ ರಾತ್ರಿಯಾದರೂ ಸರಿ, ನರ್ಸನ್ನು ಎಬ್ಬಿಸಿ. ಮೂರು ತಿಂಗಳು ಗಂಡ ಹೆಂಡಿರ ಸಂಪರ್ಕ ಬೇಡ, ಮುಂದಿನ ಹೆರಿಗೆ ಸಿಸೇರಿಯನ್ನೇ.